‘ಹುಷಾರಿಲ್ಲ’ ಎಂದಷ್ಟೇ ಹೇಳಿದರೆ ಸಾಲದು

ಬೆಂಗಳೂರಿನ ಡೇ ಕೇರ್‌ಗಳಲ್ಲಿ ಪುಟ್ಟ ಮಕ್ಕಳಿಗೆ ಆಗಾಗ ಅಂಟುವ ಕಾಯಿಲೆ ಹ್ಯಾಂಡ್ ಫುಟ್ ಮೌತ್. ದನಗಳ ಕಾಲುಬಾಯಿ ಜ್ವರಕ್ಕೂ ಇದಕ್ಕೂ ಸಂಬಂಧವಿಲ್ಲ. ಮೊದಲು ಜ್ವರ, ಒಂದೆರಡು ದಿನದಲ್ಲಿ ಬಾಯಲ್ಲಿ ಹುಣ್ಣು, ಅಂಗೈ, ಅಂಗಾಲು, ಕೆಲವೊಮ್ಮೆ ಕುಂಡೆಯ ಮೇಲೂ ಗುಳ್ಳೆ. ಹೆಚ್ಚಿನ ಮಕ್ಕಳಲ್ಲಿ ವಾರ, ಹತ್ತು ದಿನದಲ್ಲಿ ತಾನಾಗಿ ವಾಸಿಯಾಗುತ್ತದೆ.

ಎರಡು ವರ್ಷದ ಮಗುವೊಂದು ಸೋಮವಾರ ಸಂಜೆಯವರೆಗೂ ಡೇ ಕೇರ್‌ನಲ್ಲಿ ಆಡಿ ಬಂತು ಎಂದುಕೊಳ್ಳಿ. ರಾತ್ರಿ ಜ್ವರ, ಬುಧವಾರ ಗುಳ್ಳೆ. ವೈರಸ್ ಒಳಹೊಕ್ಕ ಮೂರರಿಂದ ಆರು ದಿನಕ್ಕೆ ರೋಗ ಕಾಣಿಸಿಕೊಳ್ಳುವುದರಿಂದ, ಸೋಮವಾರ ಜೊತೆಗೆ ಆಡಿದ ಮಕ್ಕಳಲ್ಲಿ ಗುರುವಾರದಿಂದ ಭಾನುವಾರದೊಳಗೆ ಜ್ವರ ಏಳಬಹುದು. ಅಮ್ಮ ‘ಹುಷಾರಿಲ್ಲ, ಒಂದು ವಾರ ಬರಲ್ಲ’ ಎಂದಷ್ಟೇ ಹೇಳಿದ್ದರೆ, ಉಳಿದ ಮನೆಗಳಲ್ಲಿ ಅದು ಹಲ್ಲು ಬರುವ ಜ್ವರ ಅನ್ನಿಸುತ್ತದೆ. ಬೆಳಿಗ್ಗೆ ಪ್ಯಾರಾಸಿಟಮಾಲ್ ಹಾಕಿ ಕಳಿಸುತ್ತಾರೆ. ಮಧ್ಯಾಹ್ನ ಔಷಧಿ ಇಳಿಯುವ ಹೊತ್ತಿಗೆ ಮಗು ಹತ್ತು ಆಟಿಕೆ ಬಾಯಿಗಿಟ್ಟಿರುತ್ತದೆ.

ಹಾಗಾಗಿ ಕಾಯಿಲೆಯ ಹೆಸರನ್ನೂ ಮಗು ಕೊನೆಯದಾಗಿ ಬಂದ ದಿನವನ್ನೂ ಬಿಡದೆ ತಿಳಿಸಬೇಕು. ಜ್ವರ ಬಂದ ಮರುದಿನವೇ ಒಂದು ಮಾತು ಹೇಳಿಟ್ಟು, ಡಾಕ್ಟರ್ ಖಚಿತಪಡಿಸಿದ ಮೇಲೆ ವಾಟ್ಸ್‌ಆ್ಯಪ್‌ನಲ್ಲಿ ಹೀಗೆ ಬರೆಯಬಹುದು:

‘ನಮಸ್ಕಾರ ಮಿಸ್. ಪಾಪುಗೆ ಹ್ಯಾಂಡ್ ಫುಟ್ ಮೌತ್ ಅಂತ ಡಾಕ್ಟರ್ ಹೇಳಿದ್ದಾರೆ. ಸೋಮವಾರ ರಾತ್ರಿ ಜ್ವರ ಶುರುವಾಯ್ತು, ಇವತ್ತು ಗುಳ್ಳೆ ಬಂದಿದೆ. ಸೋಮವಾರ ಸಂಜೆವರೆಗೂ ನಿಮ್ಮಲ್ಲೇ ಇದ್ದಳು. ಮುಂದಿನ ಸೋಮವಾರದವರೆಗೆ ಕಳಿಸಲ್ಲ, ಅವತ್ತು ನೋಡಿಕೊಂಡು ಫೋನ್ ಮಾಡ್ತೀನಿ. ಬೇರೆ ಮಕ್ಕಳ ಮನೆಯವರಿಗೂ ತಿಳಿಸಿಬಿಡಿ. ಇವಳ ಹೆಸರು ಹೇಳೋದು ಬೇಡ.’

ಕೊನೆಯ ವಾಕ್ಯವನ್ನು ಸಂಕೋಚಪಡದೆ ಬರೆಯಿರಿ. ಉಳಿದವರಿಗೆ ಬೇಕಿರುವುದು ಕಾಯಿಲೆಯ ಹೆಸರೇ ಹೊರತು ಮಗುವಿನದಲ್ಲ. ಈ ಸಂದೇಶ ಸಿಕ್ಕರೆ ಆಯಾ ಆಟಿಕೆಗಳನ್ನು ಸೋಪಿನಲ್ಲಿ ತೊಳೆದು, ನೆಲವನ್ನು ಬ್ಲೀಚಿಂಗ್ ನೀರಲ್ಲಿ ಒರೆಸುತ್ತಾರೆ. ಆಲ್ಕೋಹಾಲ್ ಸ್ಯಾನಿಟೈಸರ್ ಈ ವೈರಸ್ ಮೇಲೆ ಅಷ್ಟಾಗಿ ಕೆಲಸ ಮಾಡುವುದಿಲ್ಲ, ಕೈಗೂ ಸೋಪು ನೀರೇ ಬೇಕು.

ಮತ್ತೆ ಕಳಿಸುವ ದಿನವನ್ನು ಕ್ಯಾಲೆಂಡರಿಗಿಂತ ಮಗುವನ್ನು ನೋಡಿ ನಿರ್ಧರಿಸುವುದು ಸರಿ. ಔಷಧಿಯಿಲ್ಲದೆ 24 ಗಂಟೆ ಜ್ವರ ಬಾರದಿರಬೇಕು, ಗುಳ್ಳೆ ಒಣಗಿರಬೇಕು, ಜೊಲ್ಲು ಸುರಿಸದೆ ಊಟ ಮಾಡುವಂತಿರಬೇಕು. ಇಷ್ಟಾದ ಮೇಲೂ ಮಲದಲ್ಲಿ ವೈರಸ್ ಕೆಲವು ವಾರ ಉಳಿಯುತ್ತದೆ. ಅಷ್ಟು ದಿನ ಮನೆಯಲ್ಲಿಟ್ಟುಕೊಳ್ಳುವುದು ಆಗದ ಮಾತು. ಅದರ ಬದಲು, ವಾಪಸ್ ಕಳಿಸುವ ದಿನ ಫೋನ್ ಮಾಡಿದಾಗ, ಡಯಾಪರ್ ಬದಲಿಸಿದ ಮೇಲೆ ಪ್ರತಿ ಸಲವೂ ಸೋಪಿನಲ್ಲಿ ಕೈ ತೊಳೆಯಬೇಕೆಂದು ನೆನಪಿಸಿ. ಕೆಲವು ಮಕ್ಕಳಿಗೆ ವಾರಗಳ ನಂತರ ಉಗುರು ಎದ್ದು ಬರುವುದುಂಟು, ಅದರ ಕೆಳಗೆ ಹೊಸ ಉಗುರು ಬೆಳೆಯುತ್ತದೆ. ಅದನ್ನೂ ಮಿಸ್ ಕಿವಿಗೆ ಹಾಕಿಡಿ, ಅದಕ್ಕಾಗಿ ಮತ್ತೆ ರಜೆ ಹಾಕಬೇಕಿಲ್ಲ.