ಒಂದು ಅಚ್ಚು, ಎರಡು ಓಟ

ಎತ್ತಿನ ಗಾಡಿಗೆ ಈ ಕಷ್ಟ ಇರಲೇ ಇಲ್ಲ. ಅಚ್ಚು ತಿರುಗದೆ ನಿಂತಿರುತ್ತದೆ, ಅದರ ಎರಡು ತುದಿಗಳಲ್ಲಿ ಕಡಾಣಿ ತಡೆದಿರುವ ಗಾಲಿಗಳು ತಮ್ಮ ಪಾಡಿಗೆ ತಾವು ಉರುಳುತ್ತವೆ. ಗಾಡಿ ಬಲಕ್ಕೆ ಹೊರಳಿದರೆ ಎಡಗಾಲಿ ಹೆಚ್ಚು ದೂರ ಹೋಗಬೇಕು, ಹೋಗುತ್ತದೆ. ಎಳೆಯುವುದು ಎತ್ತಿನ ಕೆಲಸ, ಉರುಳುವುದಷ್ಟೇ ಗಾಲಿಯದು. ತಾಪತ್ರಯ ಶುರುವಾದದ್ದು ಗಾಲಿಯೇ ನೆಲವನ್ನು ಹಿಂದಕ್ಕೊತ್ತಿ ಬಂಡಿಯನ್ನು ಮುಂದೂಡಬೇಕಾಗಿ ಬಂದ ಮೇಲೆ.

ಕಾರೊಂದರ ಹಿಂದಿನ ಎರಡು ಗಾಲಿಗಳ ನಡುವೆ 1.4 ಮೀಟರ್ ಅಂತರವಿದೆ ಎಂದುಕೊಳ್ಳಿ. ಅಚ್ಚಿನ ನಡುಭಾಗ 6 ಮೀಟರ್ ತ್ರಿಜ್ಯದಲ್ಲಿ ಕಾಲು ಸುತ್ತು ತಿರುಗಿದರೆ ಒಳಗಿನ ಗಾಲಿ ಸುಮಾರು 8.3 ಮೀಟರ್ ಉರುಳಬೇಕು, ಹೊರಗಿನದು 10.5 ಮೀಟರ್. ಎರಡನ್ನೂ ಒಂದೇ ಕಬ್ಬಿಣದ ಸರಳಿಗೆ ಬಿಗಿದರೆ ಈ 2.2 ಮೀಟರನ್ನು ಯಾವುದಾದರೂ ಟೈರು ರಸ್ತೆಗೆ ಉಜ್ಜಿಕೊಂಡೇ ತೀರಿಸಬೇಕು.

ಉಗಿಬಂಡಿ ಕಟ್ಟಿದ ಫ್ರಾನ್ಸಿನ ಒನೆಸಿಫೋರ್ ಪೆಕರ್ 1820ರ ದಶಕದ ಕೊನೆಯಲ್ಲಿ ಇದಕ್ಕೊಂದು ಗೇರು ಜೋಡಣೆ ಹೂಡಿ ಪೇಟೆಂಟ್ ಪಡೆದ. ಮೂಲತಃ ಆತ ಗಡಿಯಾರದವನು. ಅದರಲ್ಲಿ ಅಚ್ಚರಿಯಿಲ್ಲ, ಎರಡು ಬೇರೆ ಬೇರೆ ವೇಗಗಳನ್ನು ಕೂಡಿ ಕಳೆಯುವ ಗೇರುಗಳು ಗಡಿಯಾರಗಳಲ್ಲಿ ಆಗಲೇ ಇದ್ದವು.

ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಅದೇ ಉಪಾಯ ಮತ್ತೆ ಹುಟ್ಟಿದ ಬಗೆ ಇನ್ನೂ ಸ್ವಾರಸ್ಯದ್ದು. ಹೊಲಿಗೆ ಯಂತ್ರದ ಕಸುಬಿನಿಂದ ಸೈಕಲ್ಲಿಗೆ ಬಂದಿದ್ದ ಜೇಮ್ಸ್ ಸ್ಟಾರ್ಲಿ, ಇಬ್ಬರು ಅಕ್ಕಪಕ್ಕ ಕೂತು ತುಳಿಯುವ ಬಂಡಿಯೊಂದನ್ನು ಮಾಡಿದ್ದ. ಒಬ್ಬೊಬ್ಬರ ತುಳಿತ ಅವರವರ ಬದಿಯ ಗಾಲಿಗೆ. ಪಕ್ಕದಲ್ಲಿ ಕೂತ ಮಗ ವಿಲಿಯಂ ಹರೆಯದವನು, ಅಪ್ಪನಿಗೆ ವಯಸ್ಸಾಗಿತ್ತು. ತುಳಿತ ಸಮವಾಗದೆ ಬಂಡಿ ರಸ್ತೆ ಬಿಟ್ಟು ತುರಿಕೆ ಗಿಡದ ಪೊದೆಗೆ ನುಗ್ಗಿತು ಎಂಬುದು ಕಥೆ. ಕಥೆಗೆ ಸ್ವಲ್ಪ ಉಪ್ಪುಖಾರ ಸೇರಿದ್ದರೂ ಇರಬಹುದು. ಇಬ್ಬರ ಬಲವನ್ನೂ ಮೊದಲು ಒಂದೆಡೆ ಕೂಡಿಸಿ, ಆಮೇಲೆ ಎರಡು ಗಾಲಿಗೂ ಸಮನಾಗಿ ಹಂಚುವ ಗೇರನ್ನು ಸ್ಟಾರ್ಲಿ 1877ರಲ್ಲಿ ತಂದದ್ದು ಮಾತ್ರ ನಿಜ. ಕಾರ್ಲ್ ಬೆಂಜ್‌ನ ಮೊದಲ ಮೂರು ಗಾಲಿಯ ಕಾರಿನಲ್ಲೂ ಇಂಥ ಗೇರು, ಅಂದರೆ ಡಿಫರೆನ್ಷಿಯಲ್, ಇತ್ತು.

ಸಮನಾಗಿ ಹಂಚುವುದು ಎಂದೆ. ಅದು ಹೇಗೆಂದು ತಿಳಿಯಲು ನೊಗವನ್ನು ನೆನೆಯಬೇಕು. ನೊಗದ ನಡುವಿಗೆ ಮೂಕಿ ಕಟ್ಟಿದ್ದರೆ ಎರಡೆತ್ತುಗಳ ಪಾಲಿಗೂ ಸಮ ಎಳೆತ. ಒಂದು ಎತ್ತು ತುಸು ಮುಂದಾದರೆ ಇನ್ನೊಂದು ಅಷ್ಟೇ ಹಿಂದಾಗುತ್ತದೆ, ನಡುವಿನ ಗಂಟು ಎರಡರ ಸರಾಸರಿಯಲ್ಲಿ ಸಾಗುತ್ತದೆ. ಡಿಫರೆನ್ಷಿಯಲ್ಲಿನ ಸ್ಟಾರ್ ಗೇರು ಇಂಥದ್ದೇ ನೊಗ, ಕೊನೆಯಿಲ್ಲದೆ ಸುತ್ತಬಲ್ಲ ನೊಗ. ಎಂಜಿನ್ನಿನಿಂದ ಬಂದ ಪಿನಿಯನ್ ಕ್ರೌನನ್ನು ತಿರುಗಿಸುತ್ತದೆ. ಕ್ರೌನಿಗೆ ಬೋಲ್ಟು ಹಾಕಿದ ಗೂಡಿನಲ್ಲಿ ಅಡ್ಡ ಪಿನ್ನು, ಆ ಪಿನ್ನಿನ ಮೇಲೆ ಸ್ಟಾರ್ ಗೇರುಗಳು. ಅವುಗಳ ಎಡಬಲದ ಹಲ್ಲುಗಳು ಎರಡು ಅರ್ಧ ಅಚ್ಚುಗಳ ತುದಿಯ ಗೇರುಗಳನ್ನು ನೂಕುತ್ತವೆ. ನೇರ ರಸ್ತೆಯಲ್ಲಿ ಸ್ಟಾರ್ ಗೇರು ತನ್ನ ಪಿನ್ನಿನ ಮೇಲೆ ಸುತ್ತುವುದಿಲ್ಲ, ಇಡೀ ಗೂಡು ಒಂದೇ ಮುದ್ದೆಯಾಗಿ ತಿರುಗುತ್ತದೆ. ತಿರುವಿನಲ್ಲಿ ಅದು ನಿಧಾನವಾಗಿ ಹೊರಳಿ ಒಂದು ಬದಿಯಿಂದ ಕಳೆದದ್ದನ್ನು ಇನ್ನೊಂದಕ್ಕೆ ಕೂಡಿಸುತ್ತದೆ. ಮೇಲಿನ ಕಾರಿನ ಟೈರಿನ ಸುತ್ತಳತೆ 1.8 ಮೀಟರ್ ಆದರೆ ಒಳಗಾಲಿ 4.6 ಸುತ್ತು, ಹೊರಗಾಲಿ 5.8, ನಡುವಿನ ಕ್ರೌನು 5.2.

ಸುತ್ತುಗಳಲ್ಲಿ ಇಷ್ಟು ಧಾರಾಳಿಯಾದ ಗೇರು ಬಲದ ಲೆಕ್ಕದಲ್ಲಿ ಜಿಪುಣ. ಒಳಗಿನ ಸಣ್ಣ ಉಜ್ಜಾಟ ಬಿಟ್ಟರೆ ಎರಡು ಗಾಲಿಗೂ ಯಾವಾಗಲೂ ಒಂದೇ ಟಾರ್ಕ್. ಒಂದು ಗಾಲಿ ಕೆಸರಿಗಿಳಿದು 60 ನ್ಯೂಟನ್ ಮೀಟರಿಗಿಂತ ಹೆಚ್ಚು ತಡೆಯಲಾರದೆ ಜಾರಿತು ಎನ್ನಿ. ಗಟ್ಟಿ ನೆಲದ ಗಾಲಿಗೂ ಸಿಗುವುದು ಆ 60 ಮಾತ್ರ, ಎಂಜಿನ್ ಎಷ್ಟೇ ಗರ್ಜಿಸಲಿ. ಒಂದು ಎತ್ತು ಕಾಲು ಬಿಟ್ಟರೆ ನೊಗ ಓರೆಯಾಗುತ್ತದಲ್ಲ, ಹಾಗೆ. ನಿಂತ ಗಾಲಿಯ ಸುತ್ತು ಸೊನ್ನೆ. ಸರಾಸರಿ ಉಳಿಯಬೇಕಾದ್ದರಿಂದ ಜಾರಿದ್ದು ಕ್ರೌನಿನ ಎರಡು ಪಟ್ಟು ಸುತ್ತುತ್ತದೆ.

ಗದ್ದೆಯಲ್ಲಿ ಟ್ರ್ಯಾಕ್ಟರ್ ಓಡಿಸುವವರಿಗೆ ಮದ್ದು ಗೊತ್ತು. ಜಾರುವ ಬದಿಯ ಬ್ರೇಕನ್ನಷ್ಟೇ ಮೆಲ್ಲಗೆ ಒತ್ತುತ್ತಾರೆ. ಬ್ರೇಕಿನ ತಡೆಯೂ ಆ ಗಾಲಿಯ ಲೆಕ್ಕಕ್ಕೇ ಸೇರುವುದರಿಂದ ಆಚೆಯ ಗಾಲಿಗೂ ಅಷ್ಟೇ ಬಲ ಹೆಚ್ಚುತ್ತದೆ. ಇಂದಿನ ಕಾರುಗಳಲ್ಲಿ ಕಂಪ್ಯೂಟರ್ ಮಾಡುವುದೂ ಇದನ್ನೇ. ಇನ್ನೊಂದು ದಾರಿ ಲಾಕ್ ಪೆಡಲ್: ಎರಡು ಅರ್ಧ ಅಚ್ಚುಗಳೂ ಒಂದಾಗುತ್ತವೆ, ಹಿಡಿತವಿರುವ ಗಾಲಿ ಬೇಕಾದಷ್ಟು ಬಲ ತೆಗೆದುಕೊಳ್ಳುತ್ತದೆ. ಆದರೆ ಹಾಗೇ ಟಾರು ರಸ್ತೆಗೆ ಹತ್ತಿ ತಿರುಗಿಸಹೋದರೆ ಸ್ಟಿಯರಿಂಗ್ ಮಾತು ಕೇಳದೆ ಟ್ರ್ಯಾಕ್ಟರ್ ನೇರಕ್ಕೇ ಹೋಗುತ್ತದೆ.

ಇದೊಂದೂ ಮಾಡದೆ ಆಕ್ಸಿಲರೇಟರ್ ಒತ್ತಿಯೇ ಕೂರುವವರೂ ಇದ್ದಾರೆ. ಸ್ಟಾರ್ ಗೇರಿಗೆ ಸಾಮಾನ್ಯವಾಗಿ ಬೇರಿಂಗ್ ಇರುವುದಿಲ್ಲ, ತಿರುವಿನಲ್ಲಿ ಮೆಲ್ಲಗೆ ಹೊರಳುವುದಕ್ಕೆ ಬರಿಯ ಪಿನ್ನೇ ಸಾಕೆಂದು ಮಾಡಿದ್ದು. ಹತ್ತು ನಿಮಿಷ ಒಂದೇ ಗಾಲಿ ಗಿರಗಿರ ಸುತ್ತಿದರೆ ಎಣ್ಣೆಯ ಪದರ ಹರಿದು ಪಿನ್ನು ಕಾದು ಕಚ್ಚಿಕೊಳ್ಳುತ್ತದೆ. ಆಮೇಲೆ ಪ್ರತಿ ತಿರುವಿನಲ್ಲೂ ಟಕ್ ಟಕ್ ಸದ್ದು. ಮೆಕ್ಯಾನಿಕ್ಕು ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಹಿಂದಿನ ಎರಡನ್ನೂ ಜಾಕಿಯ ಮೇಲೆತ್ತಿ, ಎಂಜಿನ್ ಆರಿಸಿ ಗೇರಿನಲ್ಲಿಟ್ಟು ಒಂದು ಗಾಲಿಯನ್ನು ಕೈಯಿಂದ ಮುಂದಕ್ಕೆ ತಿರುಗಿಸುತ್ತಾನೆ. ಸರಿಯಿದ್ದರೆ ಇನ್ನೊಂದು ಅಷ್ಟೇ ಸುತ್ತು ಹಿಂದಕ್ಕೆ ತಿರುಗುತ್ತದೆ. ಅಲುಗದೆ ಬಿಗಿಯಾಗಿ ನಿಂತರೆ ಅವನು ಕೆಳಗೆ ತಟ್ಟೆಯಿಟ್ಟು ಆಯಿಲ್ ಇಳಿಸುತ್ತಾನೆ, ಅದರಲ್ಲಿ ಉಕ್ಕಿನ ಪುಡಿ ಮಿನುಗುತ್ತಿರುತ್ತದೆ.