ಶಾಲೆ ಆಯ್ಕೆ: ಶುಲ್ಕಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಗಳು

ಕೊಪ್ಪಳ: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಪಟ್ಟಣಗಳಲ್ಲಿ ಖಾಸಗಿ ಶಾಲೆ ಹುಡುಕುವ ಪೋಷಕರು ಸಾಮಾನ್ಯವಾಗಿ ಮೊದಲು ಶುಲ್ಕವನ್ನೇ ವಿಚಾರಿಸುತ್ತಾರೆ. ಆದರೆ ಮೊದಲು ನೋಡಬೇಕಾದುದು ಮಾನ್ಯತಾ ಪತ್ರ. ಯಾವ ತರಗತಿಯವರೆಗೆ, ಯಾವ ಮಾಧ್ಯಮಕ್ಕೆ ಅನುಮತಿಯಿದೆ ಎಂಬುದು ಅದರಲ್ಲಿ ನಮೂದಾಗಿರುತ್ತದೆ. 5ನೇ ತರಗತಿಯವರೆಗಷ್ಟೇ ಮಾನ್ಯತೆಯಿರುವಲ್ಲಿ 6ನೇ ತರಗತಿ ಓದಿದ ಮಗುವಿಗೆ ಮುಂದೆ ವರ್ಗಾವಣೆ ಪತ್ರದ ತೊಡಕು ಎದುರಾಗಬಹುದು. ಸಂಶಯವಿದ್ದರೆ ಶಾಲೆಯ 11 ಅಂಕಿಗಳ ಯು-ಡೈಸ್ ಸಂಖ್ಯೆಯೊಡನೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಬೇಕು.

ಎರಡನೆಯದಾಗಿ, ಶಾಲೆ ಬಿಡುವ ವೇಳೆ ಗೇಟಿನ ಬಳಿ ಅರ್ಧ ಗಂಟೆ ನಿಲ್ಲಿ. ವಾಹನದಲ್ಲಿ ಮಕ್ಕಳನ್ನು ಕಿಕ್ಕಿರಿದು ತುಂಬುತ್ತಾರೆಯೇ? ಇಳಿಸಿಕೊಳ್ಳಲು ಸಹಾಯಕರಿದ್ದಾರೆಯೇ? ಬಂದವರು ಯಾರೆಂದು ನೋಡದೆ ಮಗುವನ್ನು ಒಪ್ಪಿಸುತ್ತಾರೆಯೇ? ಅಳುವ ಮಗುವನ್ನು ಶಿಕ್ಷಕಿ ಬಾಗಿ ಮಾತನಾಡಿಸುತ್ತಾರೋ, ಗದರುತ್ತಾರೋ? ಭದ್ರತೆಯೂ ಅಕ್ಕರೆಯೂ ಅಲ್ಲಿಯೇ ಕಾಣುತ್ತವೆ. ಪ್ರಾಥಮಿಕ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ.

ಮಗುವಿಗೆ ಜ್ವರ ಬಂದರೆ ಯಾರು, ಎಷ್ಟು ಹೊತ್ತಿನಲ್ಲಿ ಕರೆ ಮಾಡುತ್ತಾರೆಂದು ಕೇಳಿ. ಹೆಸರು ಹೇಳಿ ಉತ್ತರಿಸದಿದ್ದರೆ ಅಲ್ಲಿ ವ್ಯವಸ್ಥೆಯಿಲ್ಲವೆಂದೇ ತಿಳಿಯಬೇಕು.

ಕೊನೆಗೆ ಶುಲ್ಕ. ಉದಾಹರಣೆಗೆ, ಒಂದು ಶಾಲೆಯ ಬೋಧನಾ ಶುಲ್ಕ 18,000 ರೂ. ಎನ್ನಿ. ವಾಹನಕ್ಕೆ 9,000, ಪುಸ್ತಕ, ಸಮವಸ್ತ್ರಕ್ಕೆ 6,000 ಸೇರಿದರೆ 33,000 ರೂ. ನಡೆದು ಹೋಗಬಹುದಾದ ಇನ್ನೊಂದು ಶಾಲೆಯ ಶುಲ್ಕ 24,000 ರೂ. ಇದ್ದು, ಪುಸ್ತಕ, ಸಮವಸ್ತ್ರಕ್ಕೆ ಅಷ್ಟೇ ಆದರೂ ಒಟ್ಟು 30,000 ರೂ. ಮಾತ್ರ. ಅಗ್ಗವೆಂದು ಕಂಡದ್ದೇ ದುಬಾರಿ! ಎಲ್ಲ ಮೊತ್ತಕ್ಕೂ ರಸೀದಿ ಪಡೆಯಿರಿ. ಶುಲ್ಕವನ್ನು ಕಂತಿನಲ್ಲಿ ಕಟ್ಟಲು ಕೇಳಬಹುದು. ಸುರಕ್ಷತೆಯಲ್ಲಿ ಮಾತ್ರ ರಾಜಿ ಬೇಡ.