ಓಡಿಹೋದ ಹುಡುಗ, 501 ರೂಪಾಯಿ ಮತ್ತು ನಾಲ್ಕು ಪ್ರಶ್ನೆಗಳು

ಕಾನೂನು ಕಾಲೇಜಿನಲ್ಲಿ ಕರಾರು ಕಾಯ್ದೆ ಓದಿದವರಲ್ಲಿ ಲಾಲ್ಮನ್ ಶುಕ್ಲಾ ವಿರುದ್ಧ ಗೌರಿ ದತ್ ಪ್ರಕರಣದ ಹೆಸರು ಕೇಳದವರು ಇಲ್ಲವೆನ್ನಬಹುದು. 1913ರಲ್ಲಿ ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಬ್ಯಾನರ್ಜಿ ಕೊಟ್ಟ ಪುಟ್ಟ ತೀರ್ಪು ಇದು. ಗೈಡುಗಳಲ್ಲಿ ಇದರ ಸಾರ ಒಂದೇ ಸಾಲು: ಬಹುಮಾನದ ಘೋಷಣೆ ಗೊತ್ತಿಲ್ಲದವನು ಬಹುಮಾನ ಕೇಳುವಂತಿಲ್ಲ. ಆದರೆ ತೀರ್ಪನ್ನೇ ಕೈಯಲ್ಲಿ ಹಿಡಿದು ಓದಿದರೆ ಈ ಒಂದು ಸಾಲು ಅಲುಗಾಡತೊಡಗುತ್ತದೆ. ಸಂಗತಿ ಯಾವುದು, ವಿವಾದಾಂಶ ಯಾವುದು, ನ್ಯಾಯಾಧೀಶರು ಕೊಟ್ಟ ಕಾರಣ ಯಾವುದು, ಕೊನೆಗೆ ತೀರ್ಮಾನವಾದದ್ದು ಏನು ಎಂದು ಬಿಡಿಸಿ ಹೇಳಲು ವಿದ್ಯಾರ್ಥಿಗಳಿಗೆ ಕಲಿಸಬೇಕೆಂದಿರುವ ಮೇಷ್ಟ್ರಿಗೆ ಇದಕ್ಕಿಂತ ಒಳ್ಳೆಯ ಪ್ರಕರಣ ಸಿಗುವುದು ಕಷ್ಟ.

ನಡೆದದ್ದು ಇಷ್ಟು. ಕಾನ್ಪುರದ ಗೌರಿ ದತ್ ಅವರ ಹತ್ತಿರದ ಸಂಬಂಧಿಯಾದ ಹುಡುಗನೊಬ್ಬ ಮನೆ ಬಿಟ್ಟು ಓಡಿಹೋದ. ಹುಡುಕಲು ನೌಕರರನ್ನು ಬೇರೆ ಬೇರೆ ಊರುಗಳಿಗೆ ಕಳಿಸಿದರು. ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಲಾಲ್ಮನ್‌ಗೆ ರೈಲು ಖರ್ಚು ಕೊಟ್ಟು ಹರಿದ್ವಾರಕ್ಕೆ ಕಳಿಸಿದರು. ಆತ ಹೊರಟ ಮೇಲೆ, ಹುಡುಗನನ್ನು ಪತ್ತೆಹಚ್ಚಿದವರಿಗೆ 501 ರೂಪಾಯಿ ಬಹುಮಾನ ಎಂದು ಕರಪತ್ರ ಹಂಚಿಸಿದರು. ಲಾಲ್ಮನ್‌ಗೆ ಹುಡುಗ ಋಷಿಕೇಶದಲ್ಲಿ ಸಿಕ್ಕಿದ. ಯಜಮಾನರಿಗೆ ತಂತಿ ಕಳಿಸಿದ. ಅವರು ಎರಡು ಚಿನ್ನದ ಪವನನ್ನೂ, ಆಮೇಲೆ 20 ರೂಪಾಯಿಯನ್ನೂ ಕೊಟ್ಟರು. ಆತ ಆಗ ಹೆಚ್ಚೇನೂ ಕೇಳಲಿಲ್ಲ. ಸುಮಾರು ಆರು ತಿಂಗಳ ನಂತರ ಕೆಲಸದಿಂದ ತೆಗೆದಾಗ ಬಹುಮಾನದ ಬಾಬ್ತು 499 ರೂಪಾಯಿಗೆ ದಾವಾ ಹೂಡಿದ. ಕೆಳ ನ್ಯಾಯಾಲಯದಲ್ಲಿ ಸೋತು ಹೈಕೋರ್ಟಿಗೆ ಹೋದ. ಅಲ್ಲಿಯೂ ಸೋತ.

‘ಈ ಪ್ರಕರಣವನ್ನು ಚರ್ಚಿಸಿ’ ಎಂದು ಕೇಳಿದರೆ ವಿದ್ಯಾರ್ಥಿಗಳು ಈ ಕಥೆ ಬರೆದು, ಕೊನೆಗೆ ಗೈಡಿನ ಸಾಲನ್ನು ಅಂಟಿಸುತ್ತಾರೆ. ಬೇರೆ ಥರ ಕೇಳಬೇಕು.

ಮೊದಲು ಸಂಗತಿಗಳು. ತೀರ್ಪಿನಲ್ಲಿರುವ ಮಾತೆಲ್ಲ ಸಂಗತಿಯಲ್ಲ. ಬಹುಮಾನ ಕೊಡುವುದಾಗಿ ಹರಿದ್ವಾರಕ್ಕೆ ಕಳಿಸುವಾಗಲೇ ಯಜಮಾನರು ಮಾತು ಕೊಟ್ಟಿದ್ದರು ಎಂದು ಲಾಲ್ಮನ್ ದಾವಾಪತ್ರದಲ್ಲಿ ಹೇಳಿಕೊಂಡಿದ್ದ. ಅದು ನಿಜವಲ್ಲ ಎಂದು ನ್ಯಾಯಾಲಯ ಕಂಡುಕೊಂಡಿತು. ಆದ್ದರಿಂದ ಮೊದಲ ಪ್ರಶ್ನೆ ಹೀಗಿರಲಿ: ‘ಈ ಐದು ವಾಕ್ಯಗಳಲ್ಲಿ ಯಾವುದು ನ್ಯಾಯಾಲಯ ಒಪ್ಪಿದ ಸಂಗತಿ, ಯಾವುದು ಬರೀ ಒಬ್ಬ ಪಕ್ಷಕಾರನ ಹೇಳಿಕೆ, ಯಾವುದು ವಕೀಲರ ವಾದ?’ ಹೀಗೆ ಕೇಳಿದ ತಕ್ಷಣ ವಿದ್ಯಾರ್ಥಿ ಪ್ರತಿ ವಾಕ್ಯಕ್ಕೂ ‘ಇದನ್ನು ಯಾರು ಹೇಳಿದರು’ ಎಂದು ಹಿಂದಕ್ಕೆ ಹೋಗಿ ನೋಡಬೇಕಾಗುತ್ತದೆ. ಹಾಗೆ ನೋಡಿದಾಗಲೇ ಗೈಡುಗಳು ಸಾಮಾನ್ಯವಾಗಿ ಬಿಟ್ಟುಬಿಡುವ ಸಂಗತಿಯೊಂದು ಕಣ್ಣಿಗೆ ಬೀಳುತ್ತದೆ: ಕೆಲವು ಕರಪತ್ರಗಳನ್ನು ಹರಿದ್ವಾರಕ್ಕೆ, ಲಾಲ್ಮನ್‌ಗೂ ಕಳಿಸಲಾಗಿತ್ತು.

ಎರಡನೆಯದು ವಿವಾದಾಂಶ. ಇಲ್ಲಿ ವಿದ್ಯಾರ್ಥಿಗಳು ಎರಡು ಕಡೆ ಎಡವುತ್ತಾರೆ. ‘ಲಾಲ್ಮನ್‌ಗೆ ಹಣ ಸಿಗಬೇಕೇ?’ ಎಂದು ಬರೆದರೆ ಅದರಲ್ಲಿ ಕಾನೂನೇ ಇಲ್ಲ. ‘ಸ್ವೀಕಾರ ಎಂದರೇನು?’ ಎಂದು ಬರೆದರೆ ಲಾಲ್ಮನ್ನೇ ಇಲ್ಲ. ಎರಡೂ ಸೇರಿರುವ, ಹೌದು ಅಥವಾ ಇಲ್ಲ ಎಂದು ಉತ್ತರಿಸಬಹುದಾದ ಒಂದೇ ವಾಕ್ಯ ಬರೆಸಬೇಕು. ‘ಯಜಮಾನ ಕಳಿಸಿದ್ದರಿಂದ ಹುಡುಕಲು ಹೋದ ನೌಕರ, ಆತ ಹೊರಟ ಮೇಲೆ ಘೋಷಿಸಿದ ಬಹುಮಾನವನ್ನು ಕರಾರಿನ ಆಧಾರದ ಮೇಲೆ ಕೇಳಬಹುದೇ?’ ಈ ವಾಕ್ಯದಿಂದ ‘ನೌಕರ’ ಎಂಬ ಪದ ತೆಗೆದರೆ ಪ್ರಶ್ನೆ ಬದಲಾಗುತ್ತದೆಯೇ ಎಂದು ಜೊತೆಗೇ ಕೇಳಬೇಕು. ಪವನು, 20 ರೂಪಾಯಿ, ಕೆಲಸದಿಂದ ತೆಗೆದದ್ದು ಇವನ್ನು ಸೇರಿಸಿದರೆ ಏನಾದರೂ ಬದಲಾಗುತ್ತದೆಯೇ? ಇಲ್ಲ. ಅಂದರೆ ಅವು ಕಥೆಗೆ ಬೇಕು, ತೀರ್ಮಾನಕ್ಕೆ ಬೇಡ.

ಮೂರನೆಯದು ಕಾರಣ, ಗೋಜಲಾಗುವುದು ಇಲ್ಲೇ. ಲಾಲ್ಮನ್ ಪರ ವಕೀಲರು 1833ರ ಇಂಗ್ಲಿಷ್ ಪ್ರಕರಣವಾದ ವಿಲಿಯಮ್ಸ್ ವಿರುದ್ಧ ಕಾರ್ವರ್ಡೈನ್ ಅನ್ನು ಮುಂದಿಟ್ಟು, ಬಹುಮಾನ ಕೇಳಲು ಇಂಥದೇ ಉದ್ದೇಶ ಇರಬೇಕೆಂದಿಲ್ಲ ಎಂದು ವಾದಿಸಿದ್ದರು. ಎಷ್ಟೋ ಉತ್ತರಪತ್ರಿಕೆಗಳಲ್ಲಿ ಇದು ನ್ಯಾಯಾಲಯದ ಮಾತಾಗಿಬಿಡುತ್ತದೆ. ನ್ಯಾಯಮೂರ್ತಿಗಳು ಹೇಳಿದ್ದು ಬೇರೆ. ಉದ್ದೇಶ ಮುಖ್ಯವಲ್ಲ ಎಂಬುದನ್ನು ಒಪ್ಪಿದರು. ಆದರೆ ಇಂಥ ದಾವಾ ಕರಾರಿನ ಮೇಲೆಯೇ ನಿಲ್ಲಬೇಕು, ಕರಾರಿಗೆ ಸ್ವೀಕಾರ ಬೇಕು, ಪ್ರಸ್ತಾವದ ಅರಿವಿಲ್ಲದೆ ಸ್ವೀಕಾರವಿಲ್ಲ ಎಂದರು. ಮುಂದುವರಿದು ಇನ್ನೊಂದು ಮಾತು ಹೇಳಿದರು: ಕಾಣೆಯಾದ ಹುಡುಗನನ್ನು ಹುಡುಕುವುದು ಗುಮಾಸ್ತನ ಮಾಮೂಲಿ ಕೆಲಸವಲ್ಲ ನಿಜ, ಆದರೂ ಹರಿದ್ವಾರಕ್ಕೆ ಹೋಗಲು ಒಪ್ಪಿದಾಗಲೇ ಆತ ಆ ಹೊಣೆ ಹೊತ್ತಾಗಿತ್ತು, ಬಹುಮಾನ ಘೋಷಣೆಗೂ ಮೊದಲೇ ಹೊತ್ತ ಹೊಣೆಯನ್ನು ನಿಭಾಯಿಸಿದ್ದು ಆ ಘೋಷಣೆಗೆ ಪ್ರತಿಫಲವಾಗದು.

ಇಲ್ಲಿ ಕಾರಣ ಎರಡಾಯಿತು, ಅರಿವು ಮತ್ತು ಮೊದಲೇ ಇದ್ದ ಹೊಣೆ. ಪ್ರಕರಣ ತೀರ್ಮಾನವಾದದ್ದು ಯಾವುದರ ಮೇಲೆ? ಇದನ್ನು ಪರೀಕ್ಷಿಸಲು ಹಾರ್ವರ್ಡ್‌ನಲ್ಲಿ ಕಾನೂನು ಕಲಿಸುತ್ತಿದ್ದ ಯುಜೀನ್ ವಾಂಬೋ 1890ರ ದಶಕದಲ್ಲಿ ಒಂದು ಉಪಾಯ ಹೇಳಿದ್ದರು. ತೀರ್ಪಿನಲ್ಲಿರುವ ಕಾನೂನಿನ ಮಾತನ್ನು ತಿರುಗಿಸಿ ಬರೆಯಿರಿ. ಆಗಲೂ ಫಲಿತಾಂಶ ಅದೇ ಬಂದರೆ ಆ ಮಾತು ತೀರ್ಮಾನಕ್ಕೆ ಅಗತ್ಯವಾಗಿರಲಿಲ್ಲ. ಸೆಮಿನಾರಿನಲ್ಲಿ ಹೀಗೆ ಕೇಳಬಹುದು: ‘ಬಹುಮಾನ ಪಡೆಯಲು ಅರಿವು ಬೇಕಿಲ್ಲ ಎಂದೇ ಕಾನೂನು ಇದ್ದಿದ್ದರೆ ಲಾಲ್ಮನ್ ಗೆಲ್ಲುತ್ತಿದ್ದನೇ?’ ಇಲ್ಲ, ಹೊಣೆಯ ಕಾರಣಕ್ಕೆ ಸೋಲುತ್ತಿದ್ದ. ‘ಸರಿ, ಹೊಣೆ ಅಡ್ಡಿಯಲ್ಲ ಎಂದಿದ್ದರೆ?’ ಈಗ ತರಗತಿ ಎರಡು ಪಾಲಾಗುತ್ತದೆ. ಕರಪತ್ರ ಹರಿದ್ವಾರಕ್ಕೆ ಬಂದಿತ್ತಲ್ಲ, ಅರಿವಿತ್ತು, ಗೆಲ್ಲುತ್ತಿದ್ದ ಎನ್ನುವವರು ಕೆಲವರು. ಕಳಿಸಿದ್ದರು ಎಂದಿದೆಯೇ ಹೊರತು ಹುಡುಗ ಸಿಗುವ ಮೊದಲೇ ಆತ ಓದಿದ್ದ ಎಂದು ತೀರ್ಪಿನಲ್ಲಿ ಎಲ್ಲಿದೆ ಎನ್ನುವವರು ಇನ್ನು ಕೆಲವರು. ಸಂಗತಿಗಳನ್ನು ಮೊದಲೇ ಸರಿಯಾಗಿ ಬಿಡಿಸಿಟ್ಟುಕೊಂಡವರಷ್ಟೇ ಈ ವಾದದಲ್ಲಿ ನಿಲ್ಲಬಲ್ಲರು.

ವಾಂಬೋ ಉಪಾಯಕ್ಕೂ ಮಿತಿ ಇದೆ. ಎರಡು ಕಾರಣಗಳೂ ತಮ್ಮಷ್ಟಕ್ಕೆ ಸಾಕಾಗುವಂತಿದ್ದರೆ, ಯಾವುದನ್ನು ತಿರುಗಿಸಿದರೂ ಫಲಿತಾಂಶ ಅಲ್ಲಾಡುವುದಿಲ್ಲ. ಆಗ ಎರಡೂ ಅನಗತ್ಯ ಎಂಬ ವಿಚಿತ್ರ ಉತ್ತರ ಬರುತ್ತದೆ. ಅಂಥಲ್ಲಿ ನ್ಯಾಯಾಧೀಶರು ಯಾವ ಕಾರಣವನ್ನು ಈ ಸಂಗತಿಗಳಿಗೆ ಜೋಡಿಸಿದರು ಎಂದು ಓದಿಯೇ ನೋಡಬೇಕು. ಇಲ್ಲಿ ಅರಿವಿನ ಮಾತು ಸಾಮಾನ್ಯ ನಿಯಮವಾಗಿ ಬಂದಿದೆ. ಲಾಲ್ಮನ್‌ನ ಸಂಗತಿಗೆ ಹೆಜ್ಜೆ ಹೆಜ್ಜೆಯಾಗಿ ಜೋಡಿಸಿರುವುದು ಹೊಣೆಯ ಮಾತನ್ನು.

ಕೊನೆಯದು ತೀರ್ಮಾನ. ‘ಅರ್ಜಿ ವಜಾ’ ಎಂಬುದು ಆದೇಶ. ಅದು ಲಾಲ್ಮನ್‌ಗೆ ಮಾತ್ರ ಸಂಬಂಧಿಸಿದ್ದು. ಮುಂದಿನ ಪ್ರಕರಣಕ್ಕೆ ಒದಗುವುದು ಅದರ ಹಿಂದಿನ ಕಾನೂನಿನ ತೀರ್ಮಾನ. ಇದನ್ನು ಎರಡು ಬಗೆಯಲ್ಲಿ, ಒಮ್ಮೆ ಸಂಕುಚಿತವಾಗಿ, ಒಮ್ಮೆ ವಿಶಾಲವಾಗಿ ಬರೆಸಿ, ಹೊಸ ಸಂಗತಿಯೊಂದನ್ನು ಎದುರಿಗಿಡಬೇಕು. ಬೆಂಗಳೂರಿನ ಆಟೋ ಚಾಲಕರೊಬ್ಬರು ಪ್ರಯಾಣಿಕರು ಮರೆತ ಬ್ಯಾಗನ್ನು ಮನೆಗೆ ತಲುಪಿಸಿದರು ಎಂದುಕೊಳ್ಳಿ. ಬ್ಯಾಗಿಗೆ ಬಹುಮಾನ ಘೋಷಣೆಯಾಗಿದ್ದು ಅವರಿಗೆ ಗೊತ್ತಾದದ್ದು ಮರುದಿನ. ಅರಿವೇ ತೀರ್ಮಾನದ ಬುಡ ಎಂದು ಬರೆದ ವಿದ್ಯಾರ್ಥಿಯ ಪ್ರಕಾರ ಲಾಲ್ಮನ್ ತೀರ್ಪು ಚಾಲಕರಿಗೆ ಅಡ್ಡ ಬರುತ್ತದೆ. ಹೊಣೆಯೇ ಬುಡ ಎಂದವರ ಪ್ರಕಾರ, ಬ್ಯಾಗಿನ ಮಾಲೀಕರು ಕಳಿಸಿದ ನೌಕರರು ಇವರಲ್ಲವಾದ್ದರಿಂದ, ಆ ತೀರ್ಪು ಇವರನ್ನು ಕಟ್ಟಿಹಾಕುವುದಿಲ್ಲ; ಅರಿವಿನ ಪ್ರಶ್ನೆಯನ್ನು ಕರಾರು ಕಾಯ್ದೆಯ 8ನೇ ಕಲಮಿನಿಂದ ಹೊಸದಾಗಿ ವಾದಿಸಬೇಕಾಗುತ್ತದೆ. ಗೈಡಿನ ಒಂದು ಸಾಲನ್ನಷ್ಟೇ ಬಾಯಿಪಾಠ ಮಾಡಿದವರಿಗೆ ಈ ಎರಡನೆಯ ದಾರಿ ಇದೆಯೆಂಬುದೇ ತಿಳಿಯುವುದಿಲ್ಲ. ಚಾಲಕರ ವಕೀಲರಿಗೆ ಬೇಕಾಗಿರುವುದು ಆ ದಾರಿಯೇ.